ಸೀರೆಯೊಳಗಿನ ಲೆಕ್ಕ: ಬ್ರಾ, ಲಂಗ, ಶೇಪ್‌ವೇರ್, ಸ್ಲಿಪ್ಪು

ನನ್ನ ತಂಗಿಯ ದೊಡ್ಡ ಮಗಳ ಮದುವೆಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಹೊಟ್ಟೆಯ ಹತ್ತಿರ ಏನೋ ಸಡಿಲವಾದ ಹಾಗಾಯಿತು. ಕೆಳಗೆ ನೋಡಿದರೆ ನೆರಿಗೆಯ ಕಟ್ಟು ಪೂರ್ತಿ ಜಾರಿ ಪಾದದ ಮೇಲೆ ಬಂದು ಕೂತಿದೆ. ಪಿನ್ನು ನೆರಿಗೆಯಲ್ಲೇ ಇತ್ತು. ಆದರೆ ಆ ಪಿನ್ನು ಯಾವುದಕ್ಕೆ ಚುಚ್ಚಿಕೊಂಡಿರಬೇಕಿತ್ತೋ ಅದರ ಮೇಲೆ ನಿಂತಿರಲಿಲ್ಲ. ಒಳಗೆ ಹಾಕಿದ್ದು ಲಂಗದ ಬದಲು ಮೈಗೆ ಅಂಟಿ ಕೂರುವ ಹೊಸ ಸೀರೆ ಶೇಪ್‌ವೇರ್. ಮೇಲೆ ಉಟ್ಟಿದ್ದು ದೊಡ್ಡ ಜರಿಯಂಚಿನ ಭಾರದ ರೇಷ್ಮೆ. ನುಣುಪಾದ ಬಟ್ಟೆಯ ಮೇಲೆ ಒಂದು ಕೇಜಿಗೆ ಹತ್ತಿರದ ಸೀರೆ, ಜಾರದೆ ಇನ್ನೇನು ಮಾಡುತ್ತದೆ?

ತಪ್ಪು ಆ ಶೇಪ್‌ವೇರ್‌ದಲ್ಲ. ಅದನ್ನೇ ಹಾಕಿಕೊಂಡು ಆವತ್ತು ಸಂಜೆ ರಿಸೆಪ್ಷನ್ನಿಗೆ ಜಾರ್ಜೆಟ್ ಸೀರೆ ಉಟ್ಟೆ. ಅದು ಒಂದು ಇಂಚೂ ಅಲುಗಲಿಲ್ಲ, ನೋಡೋಕೂ ಚೆನ್ನಾಗಿತ್ತು. ಅಂದರೆ ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವುದರ ಕೆಳಗೆ ಯಾವುದು ಅಂತ ಕೇಳಬೇಕು.

ಈಗ ತಂಗಿಯ ಎರಡನೇ ಮಗಳ ಮದುವೆ ಹತ್ತಿರ ಬಂದಿದೆ. "ದೊಡ್ಡಮ್ಮ, ನಾನು ಲಂಗ ಹಾಕ್ಲಾ, ಶೇಪ್‌ವೇರ್ ತಗೊಳ್ಳಾ?" ಅಂತ ಅವಳು ದಿನಾ ಕೇಳುತ್ತಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಡು ತೆರೆದಿರುವ ಉಡುಪು

ಶೇಪ್‌ವೇರ್ ಹುಟ್ಟಿದ್ದು ಗೌನು, ಫ್ರಾಕಿನಂಥ ಬಟ್ಟೆಗಳಿಗಾಗಿ. ಎದೆಯ ಕೆಳಗಿನಿಂದ ತೊಡೆಯವರೆಗೆ ಒಂದೇ ತುಂಡು ಹಾಕಿ, ಅದರ ಮೇಲೆ ಇನ್ನೊಂದು ತುಂಡು ಬಟ್ಟೆ. ಒಳಗಿನ ಅಂಚು ಎಲ್ಲಿ ಮುಗಿಯಿತು ಅನ್ನುವುದು ಹೊರಗಿನವರಿಗೆ ಕಾಣುವುದೇ ಇಲ್ಲ. ಸೀರೆ ಹಾಗಲ್ಲ. ಬ್ಲೌಸಿನ ಕೆಳಗಿನ ಅಂಚಿನಿಂದ ಸೀರೆ ಸಿಕ್ಕಿಸುವ ಜಾಗದವರೆಗೆ ನಾಲ್ಕೈದು ಇಂಚು ಮೈ ತೆರೆದೇ ಇರುತ್ತದೆ, ಇಲ್ಲವೇ ಒಂದು ಪದರ ಸೆರಗಿನ ಹಿಂದೆ ಇರುತ್ತದೆ. ಹಾಗಾಗಿ ಒಳಬಟ್ಟೆ ಎರಡು ತುಂಡಾಗಿ ಒಡೆಯುತ್ತದೆ. ಮೇಲೆ ಬ್ರಾ, ಕೆಳಗೆ ಲಂಗ ಅಥವಾ ಶೇಪ್‌ವೇರ್. ಎರಡರ ಅಂಚೂ ಆ ತೆರೆದ ಜಾಗದ ಪಕ್ಕದಲ್ಲೇ ಬಂದು ನಿಲ್ಲುತ್ತವೆ.

ಇದು ಯಾಕೆ ಮುಖ್ಯ ಅಂದರೆ, ಒತ್ತಿದ ಮಾಂಸ ಎಲ್ಲಿಗೂ ಮಾಯವಾಗುವುದಿಲ್ಲ. ಪಕ್ಕಕ್ಕೆ ಸರಿಯುತ್ತದೆ, ಅಷ್ಟೆ. ಹೊಟ್ಟೆಯನ್ನು ಹೊಕ್ಕುಳಿನ ಮಟ್ಟದಲ್ಲಿ ಬಿಗಿಯಾಗಿ ಒತ್ತಿದರೆ ಅದು ಆ ಪಟ್ಟಿಯ ಮೇಲೆ ಉಬ್ಬುತ್ತದೆ. ಗೌನಿನಲ್ಲಾದರೆ ಆ ಉಬ್ಬು ಇನ್ನೂ ಮೇಲಕ್ಕೆ ಹೋಗಿ ಬ್ರಾ ಕೆಳಗೆ ಅಡಗಿಕೊಳ್ಳುತ್ತದೆ. ಸೀರೆಯಲ್ಲಿ ಎಲ್ಲರ ಕಣ್ಣೂ ಹೋಗುವ ಜಾಗದಲ್ಲೇ ಬಂದು ಕೂರುತ್ತದೆ. ಅದಕ್ಕೇ ಸೀರೆಯ ವಿಷಯದಲ್ಲಿ ಎಷ್ಟು ಬಿಗಿ ಇದೆ ಅನ್ನುವುದಕ್ಕಿಂತ ಅಂಚು ಎಲ್ಲಿ ನಿಲ್ಲುತ್ತದೆ, ಎಷ್ಟು ಮೆತ್ತಗೆ ನಿಲ್ಲುತ್ತದೆ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ನಮ್ಮಜ್ಜಿಗೆ ಈ ತಲೆನೋವೇ ಇರಲಿಲ್ಲ. ಇಳಕಲ್ ಸೀರೆ ಕಚ್ಚೆ ಹಾಕಿ ಉಡುತ್ತಿದ್ದರು. ಲಂಗ ಬೇಡ, ಸೀರೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ. ಅದರ ಎರಡು ತುದಿ ತಂದು ಎದೆಯ ಕೆಳಗೆ ಗಂಟು ಹಾಕಿದರೆ ಆಯಿತು, ಆ ಗಂಟೇ ಎತ್ತಿ ಹಿಡಿಯುತ್ತಿತ್ತು. ಒಳಗೆ ಇನ್ನೊಂದು, ಹೊರಗೆ ಇನ್ನೊಂದು ಅನ್ನುವ ಲೆಕ್ಕವೇ ಇಲ್ಲ. ಬ್ಲೌಸು, ಪೆಟಿಕೋಟು ಅನ್ನುವ ಜೋಡಿ ನಮ್ಮ ಸೀರೆಯೊಳಗೆ ಸೇರಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದ ಕಥೆ.

ಮೊದಲು ಬ್ರಾ, ಆಮೇಲೆ ಬ್ಲೌಸ್

ಸೀರೆಯ ಅಂದ ಹಾಳಾಗುವುದು ಹೆಚ್ಚಾಗಿ ಹೊಟ್ಟೆಯಿಂದಲ್ಲ, ಬ್ಲೌಸಿನಿಂದ. ಬ್ಲೌಸ್ ಹಾಳಾಗುವುದು ಬ್ರಾದಿಂದ. ನನ್ನದೇ ಉದಾಹರಣೆ ಬಿಡಿಸಿ ಹೇಳುತ್ತೇನೆ.

ನಾನು ಹದಿನೈದು ವರ್ಷ 38ಬಿ ಹಾಕಿದ್ದೆ. ಅಂಗಡಿಯಲ್ಲಿ ಯಾರೋ ಟೇಪನ್ನು ಎದೆಯ ಮೇಲೆ ಸುತ್ತಿ, ಮೂವತ್ತೆಂಟು ಅಂತ ಹೇಳಿ ಕೊಟ್ಟಿದ್ದರು. ಹಾಗೇ ನಡೆಯಿತು. ಒಂದು ದಿನ ಮನೆಯಲ್ಲೇ ಕನ್ನಡಿ ಮುಂದೆ ಸರಿಯಾಗಿ ಅಳೆದೆ. ಎದೆಯ ಕೆಳಗೆ, ಪಕ್ಕೆಲುಬಿನ ಸುತ್ತ ಟೇಪನ್ನು ಸ್ವಲ್ಪ ಬಿಗಿಯಾಗಿ ಹಿಡಿದರೆ 33 ಇಂಚು. ಎದೆಯ ತುಂಬು ಭಾಗದಲ್ಲಿ, ಬಿಗಿ ಮಾಡದೆ, 38 ಇಂಚು. ಪಟ್ಟಿಯ ಸೈಜು ಸರಿ ಸಂಖ್ಯೆಯಲ್ಲೇ ಬರುತ್ತದೆ, ಹಾಗಾಗಿ 33 ಅನ್ನು 34 ಅಂದುಕೊಳ್ಳಬೇಕು. 38ರಲ್ಲಿ 34 ಕಳೆದರೆ 4. ಒಂದು ಇಂಚಿನ ವ್ಯತ್ಯಾಸಕ್ಕೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಅಂದರೆ ನನ್ನ ಸೈಜು 34ಡಿ.

ಡಿ ಅಂದ ಕೂಡಲೇ ಹೆಂಗಸರು ಬೆಚ್ಚುತ್ತಾರೆ. ನಾನೂ ಬೆಚ್ಚಿದೆ. ಆದರೆ ಅಕ್ಷರ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಪಟ್ಟಿ ಒಂದು ಸೈಜ್ ಇಳಿದಾಗ ಅಕ್ಷರ ಒಂದು ಏರಿದರೆ ಕಪ್ಪಿನೊಳಗಿನ ಜಾಗ ಅಷ್ಟೇ ಉಳಿಯುತ್ತದೆ. 38ಬಿ, 36ಸಿ, 34ಡಿ ಈ ಮೂರರ ಕಪ್ಪೂ ಒಂದೇ. ಅದಕ್ಕೇ ಹದಿನೈದು ವರ್ಷ ನನಗೆ ತಪ್ಪು ಗೊತ್ತಾಗಲಿಲ್ಲ. ಕಪ್ ಸರಿಯಾಗೇ ಕೂರುತ್ತಿತ್ತು. ಪಟ್ಟಿ ಮಾತ್ರ ನಾಲ್ಕು ಇಂಚು ದೊಡ್ಡದು. ಭಾರ ಹೊರಬೇಕಾದ್ದು ಆ ಪಟ್ಟಿ. ಅದು ಸಡಿಲವಿದ್ದರೆ ಬೆನ್ನಿನಲ್ಲಿ ಮೇಲಕ್ಕೆ ಹತ್ತುತ್ತದೆ, ಮುಂದೆ ಎದೆ ಅಷ್ಟೇ ಕೆಳಗೆ ಇಳಿಯುತ್ತದೆ. ಆಗ ನಾವು ಭುಜದ ಪಟ್ಟಿ ಎಳೆದು ಬಿಗಿ ಮಾಡುತ್ತೇವೆ. ಬೆನ್ನಿನ ಪಟ್ಟಿ ಇನ್ನೂ ಮೇಲೆ ಹೋಗುತ್ತದೆ, ಭುಜದ ಮೇಲೆ ಕೆಂಪು ಗೆರೆ ಬೀಳುತ್ತದೆ. ಪಕ್ಕಕ್ಕೆ ತಿರುಗಿ ಕನ್ನಡಿ ನೋಡಿ. ಪಟ್ಟಿ ಹಿಂದೆ ಮುಂದೆ ಒಂದೇ ಮಟ್ಟದಲ್ಲಿದ್ದರೆ ಸರಿ. ಹಿಂದೆ ಏರಿದ್ದರೆ ಪಟ್ಟಿ ಇಳಿಸಿ, ಅಕ್ಷರ ಏರಿಸಿ.

ಹೊಸ ಬ್ರಾ ಕೊಳ್ಳುವಾಗ ಕೊನೆಯ, ಅಂದರೆ ಎಲ್ಲಕ್ಕಿಂತ ಸಡಿಲವಾದ ಕೊಕ್ಕೆಗೆ ಸರಿಯಾಗಿ ಕೂರಬೇಕು. ಒಗೆದು ಒಗೆದು ಎಲಾಸ್ಟಿಕ್ ಸಡಿಲವಾದಾಗ ಒಳಗಿನ ಕೊಕ್ಕೆಗಳು ಬೇಕಾಗುತ್ತವೆ. ಇನ್ನೊಂದು ಮಾತು. ಎಲ್ಲ ಕಂಪನಿಯವರೂ ಒಂದೇ ಲೆಕ್ಕ ಇಟ್ಟುಕೊಂಡಿಲ್ಲ. ಪಕ್ಕೆಲುಬಿನ ಅಳತೆಗೆ ನಾಲ್ಕೈದು ಇಂಚು ಸೇರಿಸುವ ಹಳೇ ಪದ್ಧತಿ ಕೆಲವರಲ್ಲಿ ಈಗಲೂ ಇದೆ. ಹಾಗಾಗಿ ಲೆಕ್ಕದಿಂದ ಶುರು ಮಾಡಿ, ಹಾಕಿ ನೋಡಿ ಮುಗಿಸಬೇಕು.

ಹೊಸ 34ಡಿ ಹಾಕಿಕೊಂಡು ಹಳೇ ಬ್ಲೌಸ್ ತೊಟ್ಟರೆ ಹೊಸ ರಗಳೆ. ಎದೆಯ ಮೇಲೆ ಬಿಗಿ, ಅದರ ಕೆಳಗೆ ಬಟ್ಟೆ ಖಾಲಿಯಾಗಿ ಮಡಿಕೆ ಬಿದ್ದಿದೆ. ನಮ್ಮ ಬೀದಿಯ ಟೈಲರ್ ಒಂದು ನೋಟಕ್ಕೆ ಹೇಳಿದರು: "ಅಕ್ಕಾ, ಅಳತೆ ಕೊಟ್ಟಾಗ ಹಾಕಿದ್ದು ಇದಲ್ಲ ಅಲ್ವಾ?" ಭುಜದಿಂದ ಎದೆಯ ತುದಿಗೆ ಅವರ ಪುಸ್ತಕದಲ್ಲಿ ಹತ್ತೂವರೆ ಇಂಚು ಬರೆದಿತ್ತು. ಈಗ ಅಳೆದರೆ ಒಂಬತ್ತೂ ಮುಕ್ಕಾಲು. ಮುಕ್ಕಾಲು ಇಂಚು ಮೇಲೆ ಬಂದಿದೆ. ಬಟ್ಟೆ ಮಡಚಿ ಹೊಲಿದ ಬ್ಲೌಸಿನ ಡಾಟುಗಳೆಲ್ಲ ಆ ತುದಿಯ ಕಡೆಗೇ ಮುಖ ಮಾಡಿರುತ್ತವೆ. ತುದಿ ಮೇಲೆ ಹೋಯಿತು, ಡಾಟು ಕೆಳಗೇ ಉಳಿಯಿತು. ಅದೇ ಆ ಖಾಲಿ ಮಡಿಕೆ. ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದ ಮೂರು ಬ್ಲೌಸುಗಳಲ್ಲಿ ಡಾಟ್ ಬಿಚ್ಚಿ ಎತ್ತಿ ಕೊಟ್ಟರು. ಕಟೋರಿ ಬ್ಲೌಸುಗಳನ್ನು ಮಾತ್ರ ಮುಟ್ಟಲಿಲ್ಲ. ಅದರಲ್ಲಿ ಬಟ್ಟಲಿನ ತುಂಡನ್ನೇ ಬೇರೆ ಕತ್ತರಿಸಿ ಜೋಡಿಸಿರುತ್ತಾರೆ, ಎತ್ತೋಕೆ ಆಗಲ್ಲ.

ಹಾಗಾಗಿ ಮದುವೆ ಬ್ಲೌಸಿಗೆ ಅಳತೆ ಕೊಡುವ ಮೊದಲೇ ಬ್ರಾ ಕೊಂಡಿರಬೇಕು. ಅಳತೆಗೂ ಅದೇ, ಟ್ರಯಲ್ಲಿಗೂ ಅದೇ, ಮದುವೆ ದಿನವೂ ಅದೇ.

ಇನ್ನು ಯಾವ ಬಗೆಯದು ಅನ್ನುವ ಪ್ರಶ್ನೆ. ಹೊಲಿಗೆ ಇರುವ ಮೆತ್ತನೆ ಕಾಟನ್ ಬ್ರಾ ಎದೆಗೆ ಸ್ವಲ್ಪ ಚೂಪು ಆಕಾರ ಕೊಡುತ್ತದೆ. ಡಾಟ್ ಇರುವ ಸಾದಾ ಬ್ಲೌಸ್ ಹೊಲಿಯುವುದೂ ಅದೇ ಆಕಾರಕ್ಕೆ. ಎರಡೂ ಚೆನ್ನಾಗಿ ಹೊಂದುತ್ತವೆ. ದಪ್ಪ ಕಾಟನ್, ಖಣ, ಲೈನಿಂಗ್ ಇರುವ ರೇಷ್ಮೆ ಬ್ಲೌಸಿಗೆ ಇದು ಸಾಕು. ಹೊಲಿಗೆಯ ಗೆರೆ ಹೊರಗೆ ಕಾಣುವುದಿಲ್ಲ, ಸೆಕೆಗೂ ಹಿತ.

ಅಚ್ಚು ಹಾಕಿದ, ತೆಳು ಪ್ಯಾಡಿನ ಟೀ ಶರ್ಟ್ ಬ್ರಾ ದುಂಡು ಆಕಾರ ಕೊಡುತ್ತದೆ. ಪ್ರಿನ್ಸೆಸ್ ಕಟ್ ಬ್ಲೌಸಿಗೆ, ಲೈನಿಂಗ್ ಇಲ್ಲದ ತೆಳು ಬ್ಲೌಸಿಗೆ, ಜೆರ್ಸಿ ಕುರ್ತಾಗೆ ಇದು ಸರಿ. ಆದರೆ ಪ್ಯಾಡಿನ ದಪ್ಪವೂ ಅಳತೆಗೆ ಸೇರುತ್ತದೆ. ಕಾಟನ್ ಬ್ರಾದಲ್ಲಿ ಅಳತೆ ಕೊಟ್ಟ ಬ್ಲೌಸಿಗೆ ಇದನ್ನು ಹಾಕಿದರೆ ಹುಕ್ಕುಗಳ ನಡುವೆ ಬಾಯಿ ಬಿಡುತ್ತದೆ.

ಮಿನಿಮೈಸರ್ ಅಂತ ಒಂದು ಬರುತ್ತದೆ. ಎದೆ ಚಿಕ್ಕದಾಗಿ ಕಾಣಲಿ ಅಂತ ಕೊಳ್ಳುತ್ತಾರೆ. ಅದು ಮುಂದೆ ಚಾಚಿದ್ದನ್ನು ಪಕ್ಕಕ್ಕೆ, ಕಂಕುಳ ಕಡೆಗೆ ಹರಡುತ್ತದೆ. ಪಕ್ಕದಿಂದ ನೋಡಿದರೆ ನಿಜವಾಗಿಯೂ ಕಡಿಮೆ ಕಾಣುತ್ತದೆ. ಶರ್ಟು ಹಾಕುವವರಿಗೆ, ಗುಂಡಿಗಳ ನಡುವೆ ಬಿರಿಯುವುದು ತಪ್ಪುತ್ತದೆ. ಆದರೆ ಎದುರಿನಿಂದ ಅಗಲ ಜಾಸ್ತಿ ಕಾಣುತ್ತದೆ, ಮತ್ತೆ ಬಿಗಿ ತೋಳಿನ ಬ್ಲೌಸಿನಲ್ಲಿ ಕಂಕುಳ ಹತ್ತಿರ ಹಿಡಿಯುತ್ತದೆ. ಸೀರೆಯ ಸೆರಗು ಹೇಗೂ ಮುಂಭಾಗ ಮುಚ್ಚುವುದರಿಂದ ಸೀರೆಗೆ ಇದರ ಅಗತ್ಯ ನನಗೆ ಕಂಡಿಲ್ಲ.

ಬ್ಲೌಸಿಗೇ ಕಪ್ ಇಟ್ಟು ಹೊಲಿಸುವವರೂ ಇದ್ದಾರೆ, ಬೆನ್ನು ಆಳವಾಗಿದ್ದರೆ ಬೇರೆ ದಾರಿಯೂ ಇರುವುದಿಲ್ಲ. ಆ ಕಪ್ ಆಕಾರ ಕೊಡುತ್ತದೆ, ಎತ್ತಿ ಹಿಡಿಯುವುದಿಲ್ಲ. ಹಿಡಿಯಬೇಕಾದ್ದು ಬ್ಲೌಸಿನ ಕೆಳಪಟ್ಟಿ. ಅದು ಎದೆಯ ಕೆಳಗೆ ಬ್ರಾ ಪಟ್ಟಿಯಷ್ಟೇ ಬಿಗಿಯಾಗಿದ್ದರೆ ಮಾತ್ರ ಕೆಲಸ ಆಗುತ್ತದೆ. ಎದೆ ಭಾರ ಇರುವವರಿಗೆ ಇಡೀ ದಿನಕ್ಕೆ ಇದು ಬೇಡ ಅಂತಲೇ ಹೇಳುತ್ತೇನೆ.

ಲಂಗವೋ ಶೇಪ್‌ವೇರೋ: ಮೂರು ಸೀರೆಗಳ ಮೇಲೆ

ಕಾಟನ್ ಲಂಗ ಎಲ್ಲರಿಗೂ ಗೊತ್ತು. ಆರು ಪಟ್ಟಿ ಜೋಡಿಸಿ ಹೊಲಿದದ್ದು, ಕೆಳಗೆ ಅಗಲ, ಮೇಲೆ ಲಾಡಿ. ಇದು ಸೀರೆಗೆ ಶಂಕುವಿನಂಥ ಆಕಾರ ಕೊಡುತ್ತದೆ. ಶೇಪ್‌ವೇರ್ ನೈಲಾನಿಗೋ ಪಾಲಿಯೆಸ್ಟರಿಗೋ ಸ್ಪ್ಯಾಂಡೆಕ್ಸ್ ಬೆರೆಸಿ ಹೆಣೆದದ್ದು. ಮೈಗೆ ಅಂಟಿ ಕೂತು, ಮೊಣಕಾಲಿನವರೆಗೆ ಕಿರಿದಾಗಿ, ಕೆಳಗೆ ಮೀನಿನ ಬಾಲದ ಹಾಗೆ ಸ್ವಲ್ಪ ಅಗಲವಾಗುತ್ತದೆ. ನಡೆಯೋಕೆ ಪಕ್ಕದಲ್ಲಿ ಸೀಳು ಇರುತ್ತದೆ. ಸೀರೆ ಉಟ್ಟಾಗ ಸೊಂಟದಿಂದ ಮೊಣಕಾಲಿಗೆ ಒಂದೇ ಗೆರೆ.

ಮೊದಲು ಗಂಜಿ ಹಾಕಿದ ಕಾಟನ್ ಸೀರೆ ತೆಗೆದುಕೊಳ್ಳಿ. ಅದು ಮೈಯಿಂದ ದೂರ ನಿಲ್ಲುವ ಬಟ್ಟೆ. ಒಳಗೆ ಎಷ್ಟೇ ಕಿರಿದು ಮಾಡಿದರೂ ಹೊರಗೆ ಅದು ಅಗಲವಾಗೇ ನಿಲ್ಲುತ್ತದೆ. ಶೇಪ್‌ವೇರಿಗೆ ಕೊಟ್ಟ ದುಡ್ಡು ದಂಡ. ಸಾಲದ್ದಕ್ಕೆ, ಒಳಗೆ ಆಸರೆ ಇಲ್ಲದೆ ಸೀರೆ ಮೊಣಕಾಲಿನ ಹತ್ತಿರ ಒಳಕ್ಕೆ ಕುಸಿದು ಸುಕ್ಕಾಗುತ್ತದೆ. ಕಾಟನ್ ಮೇಲೆ ಕಾಟನ್ ಹಿಡಿದುಕೊಳ್ಳುತ್ತದೆ, ಜಾರುವುದಿಲ್ಲ. ಇಲ್ಲಿ ಲಂಗಕ್ಕೇ ನನ್ನ ಓಟು. ಕಾಂಜೀವರಂ, ಧರ್ಮಾವರಂನಂಥ ಭಾರದ ರೇಷ್ಮೆಗೂ ಅದೇ ಮಾತು, ಕಾರಣ ಬೇರೆ. ಅದರ ಭಾರ ಹೊರೋಕೆ ಹಿಡಿತ ಬೇಕು. ಆರತಿ ತಟ್ಟೆಯ ಕಥೆ ಆಗಲೇ ಹೇಳಿದೆನಲ್ಲ.

ಎರಡನೆಯದು ಜಾರ್ಜೆಟ್, ಶಿಫಾನ್, ನೆಟ್. ಇವು ಹಗುರ, ಮೈಯ ಮೇಲೆ ಬಿದ್ದ ಹಾಗೇ ಬೀಳುತ್ತವೆ. ಒಳಗಿನ ಒಂದೊಂದು ಮಡಿಕೆಯನ್ನೂ ಹೊರಗೆ ಸಾರಿ ಹೇಳುತ್ತವೆ. ಕಾಟನ್ ಲಂಗದ ಸುಕ್ಕು, ಲಾಡಿಯ ಗಂಟು, ಎಲ್ಲ ಕಾಣುತ್ತದೆ. ಇಲ್ಲಿ ಶೇಪ್‌ವೇರ್ ಗೆಲ್ಲುತ್ತದೆ. ಸೀರೆ ಹಗುರವಾದ್ದರಿಂದ ಜಾರುವ ಭಯವೂ ಕಡಿಮೆ. ಹೊಳಪಿಲ್ಲದ ಬಟ್ಟೆಯದ್ದನ್ನೇ ಆರಿಸಿ. ಸ್ಯಾಟಿನ್ ಲಂಗವಾಗಲಿ, ಹೊಳೆಯುವ ಶೇಪ್‌ವೇರ್ ಆಗಲಿ, ಫೋಟೋದ ಫ್ಲ್ಯಾಶಿಗೆ ನೆಟ್ ಒಳಗಿಂದ ಮಿಂಚುತ್ತದೆ. ಒಂದೇ ತೊಡಕು ಬಣ್ಣ. ಮ್ಯಾಚಿಂಗ್ ಸೆಂಟರಿಗೆ ಸೀರೆ ಹಿಡಿದುಕೊಂಡು ಹೋದರೆ ಗಿಳಿಹಸಿರಿನಲ್ಲೇ ನಾಲ್ಕು ಛಾಯೆಯ ಲಂಗ ತೆಗೆದು ಗಲ್ಲಾದ ಮೇಲೆ ಹರಡುತ್ತಾರೆ. ಶೇಪ್‌ವೇರ್ ಹತ್ತಿಪ್ಪತ್ತು ಬಣ್ಣದಲ್ಲಿ ಸಿಕ್ಕಿದರೆ ಹೆಚ್ಚು. ಪಾರದರ್ಶಕ ಸೀರೆಯಲ್ಲಿ ಹತ್ತಿರದ ಬಣ್ಣ ಸಾಲದು, ಅದೇ ಬಣ್ಣ ಬೇಕು. ಸಿಗದಿದ್ದರೆ ಲಂಗವೇ ವಾಸಿ.

ಮೂರನೆಯದು ಮೈಸೂರು ಸಿಲ್ಕ್. ಇದನ್ನು ಸ್ವಲ್ಪ ಉದ್ದವಾಗಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಇದು ಕ್ರೇಪ್ ರೇಷ್ಮೆ. ನೂಲನ್ನು ಗಟ್ಟಿಯಾಗಿ ಹುರಿ ಮಾಡಿ ನೇಯುವುದರಿಂದ ಬಟ್ಟೆ ಮೆತ್ತಗೆ, ನೀರಿನ ಹಾಗೆ ಬೀಳುತ್ತದೆ. ಜಾರ್ಜೆಟ್ ಹಾಗೆ ಮೈಗೆ ಅಂಟುತ್ತದೆ, ಆದರೆ ಜರಿಯಂಚಿನಿಂದಾಗಿ ಅದಕ್ಕಿಂತ ಭಾರ. ಕಾಟನ್ ಲಂಗ ಹಾಕಿದರೆ ಸೊಂಟದ ಸುತ್ತ ಉಬ್ಬು, ಶೇಪ್‌ವೇರ್ ಹಾಕಿದರೆ ನಿಧಾನವಾಗಿ ಜಾರಾಟ.

ಆ ಉಬ್ಬು ಎಲ್ಲಿಂದ ಬರುತ್ತದೆ ನೋಡಿ. ನನ್ನ ಸೊಂಟ 33 ಇಂಚು, ಪೃಷ್ಠದ ಸುತ್ತಳತೆ 40. ರೆಡಿಮೇಡ್ ಲಂಗ ತಲೆಯಿಂದಲೋ ಕಾಲಿನಿಂದಲೋ ಏರಬೇಕಾದ್ದರಿಂದ ಅದರ ಬಾಯಿ 42 ಇಂಚಾದರೂ ಇರುತ್ತದೆ. ಲಾಡಿ ಎಳೆದು ಕಟ್ಟಿದರೆ 9 ಇಂಚು ಬಟ್ಟೆ ಸೊಂಟದ ಸುತ್ತ ಸುಕ್ಕಾಗಿ ಕೂರುತ್ತದೆ. ಅದರ ಮೇಲೆ ಸೀರೆಯ ಎರಡು ಸುತ್ತು, ಆರೇಳು ನೆರಿಗೆ. ನನ್ನ ಹೊಟ್ಟೆಯನ್ನು ಬೈದುಕೊಳ್ಳುತ್ತಿದ್ದೆ, ಅರ್ಧ ಹೊಟ್ಟೆ ಲಂಗದ್ದೇ ಆಗಿತ್ತು!

ಇದಕ್ಕೆ ಟೈಲರ್ ಹತ್ತಿರ ಒಂದು ಮೂರನೇ ದಾರಿ ಇದೆ. ಅಳತೆಗೆ ಹೊಲಿಸಿದ ಕಾಟನ್ ಲಂಗ. ಸೊಂಟವನ್ನು 34 ಇಂಚಿಗೇ ಕತ್ತರಿಸಿ, ಎಡಪಕ್ಕದಲ್ಲಿ ಎಂಟು ಇಂಚು ಸೀಳು ಬಿಟ್ಟು, ಮೇಲೆ ಒಂದು ಹುಕ್ಕು. ಪಟ್ಟಿಗಳು ಪೃಷ್ಠದವರೆಗೆ ಮೈಗೆ ಹೊಂದಿಕೊಂಡು, ಅಲ್ಲಿಂದ ಕೆಳಗೆ ಮಾತ್ರ ಅಗಲವಾಗುತ್ತವೆ. ಲಾಡಿಯೂ ಇರಲಿ, ಸೀರೆಯ ಭಾರ ಹೊರುವುದಕ್ಕೆ ಅದು ಬೇಕು. ಆದರೆ ಈಗ ಲಾಡಿ ಸುಕ್ಕು ಮಾಡುವುದಿಲ್ಲ, ಹಿಡಿದುಕೊಳ್ಳುತ್ತದೆ ಅಷ್ಟೆ. ಕೆಳಗಿನ ಸುತ್ತಳತೆಯನ್ನು ನಾನು 70 ಇಂಚು ಇಡಿಸಿದೆ. ಅಷ್ಟಿದ್ದರೆ ಮೆಟ್ಟಿಲು ಹತ್ತಬಹುದು, ಪಂಕ್ತಿಯಲ್ಲಿ ಚಕ್ಕಂಬಕ್ಕಳ ಹಾಕಿಯೂ ಕೂರಬಹುದು. ಎರಡೂಕಾಲು ಮೀಟರ್ ಪಾಪ್ಲಿನ್ ಸಾಕಾಯಿತು. ಹೊಲಿಸುವ ಮೊದಲು ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಸೊಂಟ ಕುಗ್ಗಿ ಹುಕ್ಕು ಹಾಕೋಕೆ ಬರುವುದಿಲ್ಲ.

ಮೈಸೂರು ಸಿಲ್ಕಿಗೆ ಇದನ್ನು ಹಾಕಿದ ದಿನ ನನ್ನ ತಂಗಿ, "ತೂಕ ಇಳಿಸಿದ್ಯೇನೆ ಅಕ್ಕ?" ಅಂತ ಕೇಳಿದಳು. ಒಂದು ಗ್ರಾಮೂ ಇಳಿದಿರಲಿಲ್ಲ.

ಕೊಡವ ಶೈಲಿಯಲ್ಲಿ ಉಡುವವರಿಗೆ ಇದು ಇನ್ನೂ ಮುಖ್ಯ. ಅವರ ನೆರಿಗೆ ಹಿಂದೆ ಬರುತ್ತದೆ. ಲಂಗದ ಸುಕ್ಕನ್ನೂ ಹಿಂದಕ್ಕೇ ತಳ್ಳಿದರೆ ಎರಡೂ ಸೇರಿ ಸೊಂಟದ ಹಿಂದೆ ಗಂಟು ಕಟ್ಟಿದ ಹಾಗೆ ಕಾಣುತ್ತದೆ.

ಶೇಪ್‌ವೇರ್ ಕೊಳ್ಳುವುದೇ ಆದರೆ

ಒಂದು ಸೈಜ್ ಚಿಕ್ಕದು ತೆಗೆದುಕೊಂಡರೆ ಇನ್ನೂ ಸಣ್ಣ ಕಾಣಬಹುದು ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಆಗುವುದು ಉಲ್ಟಾ. ಮೇಲಿನ ಪಟ್ಟಿ ಸುರುಳಿ ಸುತ್ತಿ ಹಗ್ಗವಾಗುತ್ತದೆ, ಅದರ ಮೇಲೆ ಹೊಟ್ಟೆ ಉಬ್ಬಿ ನಿಲ್ಲುತ್ತದೆ. ಸೀರೆಯಲ್ಲಿ ಅದು ತೆರೆದ ಜಾಗ, ಮರೆಯಬೇಡಿ. ನಿಮ್ಮ ಸರಿಯಾದ ಸೈಜೇ ಇರಲಿ. ಸೊಂಟ ಒಂದು ಸೈಜ್, ಪೃಷ್ಠ ಇನ್ನೊಂದು ಸೈಜ್ ಬಂದರೆ ದೊಡ್ಡದನ್ನು ತೆಗೆದುಕೊಳ್ಳಿ. ಮೇಲಿನ ಪಟ್ಟಿ ಎರಡು ಬೆರಳು ಅಗಲವಾದರೂ ಇರಲಿ. ತೆಳು ಎಲಾಸ್ಟಿಕ್ ದಾರದ ಹಾಗೆ ಕೊರೆಯುತ್ತದೆ. ಒಳಗೆ ಲಾಡಿ ಇದ್ದರೆ ಇನ್ನೂ ಒಳ್ಳೆಯದು, ಸೀರೆ ಸಿಕ್ಕಿಸುವುದಕ್ಕೆ ಏನಾದರೂ ಗಟ್ಟಿ ಆಧಾರ ಬೇಕಲ್ಲ.

ಅಂಗಡಿಯಲ್ಲಿ ನಿಂತು ಕನ್ನಡಿ ನೋಡಿದರೆ ಎಲ್ಲವೂ ಚೆಂದ. ಕುರ್ಚಿಯಲ್ಲಿ ಐದು ನಿಮಿಷ ಕೂತು ನೋಡಿ. ಪಟ್ಟಿ ಮಡಚಿಕೊಂಡಿತೇ? ದೀರ್ಘವಾಗಿ ಉಸಿರು ಎಳೆಯೋಕೆ ಆಗುತ್ತದಾ? ಬಗ್ಗಿ ಚಪ್ಪಲಿ ಹಾಕಿಕೊಳ್ಳಿ. ಮನೆಗೆ ತಂದ ಮೇಲೆ ಒಮ್ಮೆ ಟಾಯ್ಲೆಟ್ಟಿಗೂ ಹೋಗಿ ನೋಡಿ. ಕಲ್ಯಾಣ ಮಂಟಪದ ಇಂಡಿಯನ್ ಟಾಯ್ಲೆಟ್ಟಿನಲ್ಲಿ, ಸೀರೆ ಸಮೇತ, ಅಂಟು ಬಟ್ಟೆಯನ್ನು ಮೇಲೆ ಸುತ್ತಿ ಹಿಡಿಯುವುದು ಎಷ್ಟು ಕಷ್ಟ ಅಂತ ಯಾವ ಜಾಹೀರಾತೂ ಹೇಳುವುದಿಲ್ಲ.

ನಾಲ್ಕೈದು ಗಂಟೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚು ಹೊತ್ತು ಹೊಟ್ಟೆ ಒತ್ತಿಟ್ಟುಕೊಂಡರೆ, ಅದೂ ಮದುವೆ ಊಟ ಆದ ಮೇಲೆ, ಹುಳಿತೇಗು ಬರುತ್ತದೆ. ತೊಡೆಯ ಹೊರಭಾಗದಲ್ಲಿ ಜೋಮು ಹಿಡಿದ ಹಾಗೆ ಅಥವಾ ಚುರುಚುರು ಅಂದರೆ ನರ ಒತ್ತಿದೆ ಅಂತ ಅರ್ಥ, ಆಗಲೇ ತೆಗೆದುಬಿಡಿ. ಬಸುರಿಯರಿಗೆ ಇದು ಬೇಡ.

ಹಾಗಂತ ಲಾಡಿಯೇನೂ ಸಾಧುವಲ್ಲ. ದಿನಾ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದರೆ ಚರ್ಮ ಕಪ್ಪಾಗುತ್ತದೆ, ಸುಲಿಯುತ್ತದೆ. ಸೊಂಟದ ಬಿಗಿ ಕಟ್ಟಿನಿಂದಾದ ಹುಣ್ಣು ಬಹುಕಾಲ ವಾಸಿಯಾಗದೆ ಚರ್ಮದ ಕ್ಯಾನ್ಸರ್‌ಗೆ ತಿರುಗಿದ ಭಾರತದ ಇಬ್ಬರು ಮಹಿಳೆಯರ ಪ್ರಕರಣ 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಬಂದಿತ್ತು. ಅಪರೂಪದ್ದು, ಹೆದರಬೇಕಿಲ್ಲ. ಆದರೆ ದಿನಾ ಸೀರೆ ಉಡುವವರು ದಾರದ ಬದಲು ಅಗಲ ಪಟ್ಟಿಯ ಲಾಡಿ ಹಾಕಿಸಿ. ವಾಸಿಯಾಗದ ಗಾಯ ಇದ್ದರೆ ಎಣ್ಣೆ ಹಚ್ಚಿಕೊಂಡು ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಕುರ್ತಾ ಕೆಳಗೆ: ಕ್ಯಾಮಿಸೋಲೋ ಸ್ಲಿಪ್ಪೋ

ಇಲ್ಲಿ ವಿಷಯ ಚಿಕ್ಕದು. ಕ್ಯಾಮಿಸೋಲ್ ಸೊಂಟದ ಕೆಳಗೆ, ಪೃಷ್ಠದ ಮೇಲೆ ಎಲ್ಲೋ ಮುಗಿಯುತ್ತದೆ. ಉದ್ದ ಸ್ಲಿಪ್ಪು, ಕೆಲವರ ಮನೆಯಲ್ಲಿ ಶಿಮ್ಮಿ ಅನ್ನುತ್ತಾರೆ, ತೊಡೆಯವರೆಗೆ ಬರುತ್ತದೆ. ದಪ್ಪ ಕಾಟನ್ ಕುರ್ತಾ ಕೆಳಗೆ ಯಾವುದು ಹಾಕಿದರೂ ಹೊರಗೆ ಗೊತ್ತಾಗುವುದಿಲ್ಲ, ಕ್ಯಾಮಿಸೋಲೇ ತಂಪು. ರೇಯಾನ್, ಜಾರ್ಜೆಟ್‌ನಂಥ ಬೀಳುವ ಬಟ್ಟೆಯಲ್ಲಿ ಕ್ಯಾಮಿಸೋಲಿನ ಕೆಳಗಿನ ಅಂಚು ಮೈಯ ಅತಿ ಅಗಲದ ಜಾಗದಲ್ಲಿ ಅಡ್ಡ ಗೆರೆ ಎಳೆಯುತ್ತದೆ. ಆ ಗೆರೆಯೇ ಇನ್ನೂ ಅಗಲ ತೋರಿಸುತ್ತದೆ. ಅಲ್ಲಿ ಉದ್ದ ಸ್ಲಿಪ್ಪು ಬೇಕು. ಆದರೆ ಕುರ್ತಾದ ಸೀಳಿನಿಂದ ಸ್ಲಿಪ್ಪು ಇಣುಕುತ್ತದೆ. ಅದಕ್ಕೆ ಸ್ಲಿಪ್ಪಿಗೂ ಪಕ್ಕದಲ್ಲಿ ಸೀಳು ಇರುವುದನ್ನೇ ಕೇಳಿ.

ಬಟ್ಟೆಗೂ ಬಟ್ಟೆಗೂ ಆಗಿಬರಬೇಕು. ಕಾಟನ್ ಸ್ಲಿಪ್ಪಿನ ಮೇಲೆ ರೇಯಾನ್ ಕುರ್ತಾ ಹಿಡಿದುಕೊಳ್ಳುತ್ತದೆ. ಹತ್ತು ಹೆಜ್ಜೆ ನಡೆಯುವುದರೊಳಗೆ ಹೊಟ್ಟೆಯ ಮೇಲೆ ಹತ್ತಿ ಕೂತಿರುತ್ತದೆ, ಮತ್ತೆ ಮತ್ತೆ ಎಳೆದುಕೊಳ್ಳಬೇಕು. ನುಣುಪು ಸ್ಲಿಪ್ಪಿನ ಮೇಲೆ ಜಾರಿ ನೇರವಾಗಿ ಬೀಳುತ್ತದೆ. ಪಾಲಿಯೆಸ್ಟರ್ ಜಾರ್ಜೆಟ್ ಕೆಳಗೆ ಮಾತ್ರ ನೈಲಾನ್ ಬೇಡ. ಒಣ ಚಳಿಗಾಲದಲ್ಲಿ ಎರಡೂ ಉಜ್ಜಿ, ಕರೆಂಟು ಹಿಡಿದ ಹಾಗೆ ಕಾಲಿಗೆ ಅಂಟಿಕೊಳ್ಳುತ್ತವೆ. ಹಾಗಾದಾಗ ಒದ್ದೆ ಕೈಯನ್ನು ಸ್ಲಿಪ್ಪಿನ ಮೇಲೆ ಸವರಿದರೆ ಸ್ವಲ್ಪ ಹೊತ್ತಿಗೆ ಬಿಡುತ್ತದೆ.

ಬಿಳಿ ಚಿಕನ್ ಕುರ್ತಾ ಕೆಳಗೆ ಬಿಳಿ ಸ್ಲಿಪ್ಪು ಹಾಕುವುದು ನಮ್ಮೆಲ್ಲರ ಅಭ್ಯಾಸ. ಎರಡು ಪದರ ಬಿಳಿ ಸೇರಿ ಅಂಚು ಎದ್ದು ಕಾಣುತ್ತದೆ. ನಿಮ್ಮ ಮೈಬಣ್ಣಕ್ಕೆ ಹತ್ತಿರದ್ದು ಹಾಕಿ. ಅಂಗಡಿಯವರು "ಸ್ಕಿನ್ ಕಲರ್" ಅಂತ ಕೊಡುವ ತಿಳಿ ಗುಲಾಬಿ ನಮ್ಮಲ್ಲಿ ಎಷ್ಟು ಜನರ ಚರ್ಮದ ಬಣ್ಣ? ಕಾಫಿ, ಕಂದು ಬಣ್ಣದ್ದು ಕೇಳಿ ತೆಗೆಸಿ.

ಮದುಮಗಳ ಪಟ್ಟಿ

ಕೊನೆಗೆ ತಂಗಿಯ ಮಗಳಿಗೆ ಹೀಗೆ ತೀರ್ಮಾನ ಆಯಿತು. ಮೊದಲು ಬ್ರಾ ಅಳತೆ, 36ಬಿ ಹಾಕುತ್ತಿದ್ದವಳು 32ಡಿಗೆ ಬಂದಳು. ಬ್ಲೌಸುಗಳ ಅಳತೆ ಅದರ ಮೇಲೆ. ಧಾರೆ ಸೀರೆಗೆ ಅಳತೆಗೆ ಹೊಲಿಸಿದ ಕಾಟನ್ ಲಂಗ, ಏಕೆಂದರೆ ಹಸೆಮಣೆಯ ಮೇಲೆ ಎರಡು ಗಂಟೆ ಕೆಳಗೆ ಕೂರಬೇಕು, ಏಳಬೇಕು, ಹೋಮಕ್ಕೆ ಸುತ್ತು ಬರಬೇಕು. ರಿಸೆಪ್ಷನ್ನಿಗೆ ನೆಟ್ ಸೀರೆ, ಅದಕ್ಕೆ ಶೇಪ್‌ವೇರ್. ಸೋಫಾ ಮುಂದೆ ನಿಂತು ಫೋಟೋಗೆ ನಗುವುದಷ್ಟೇ ಕೆಲಸ.

ಹೋದ ಭಾನುವಾರ ಎರಡನ್ನೂ ಚಪ್ಪಲಿ ಸಮೇತ ಹಾಕಿಸಿ ನೋಡಿದೆವು. ಲಂಗ ಸೀರೆಯ ಕೆಳಗಿನ ಅಂಚಿಗಿಂತ ಒಂದು ಇಂಚು ಮೇಲಿರಬೇಕು, ಅದು ಹಿಮ್ಮಡಿಯ ಎತ್ತರದ ಜೊತೆ ಬದಲಾಗುತ್ತದೆ. ಕಾಟನ್ ಲಂಗ ಸರಿಯಾಗಿತ್ತು. ಶೇಪ್‌ವೇರ್ ಹಾಕಿ ಮಹಡಿ ಮೆಟ್ಟಿಲು ಹತ್ತಿಸಿದೆ. ಮೂರನೇ ಮೆಟ್ಟಿಲಲ್ಲೇ ನಿಂತಳು. ಸೀಳು ಮೊಣಕಾಲಿಗಿಂತ ಕೆಳಗೆ ಶುರುವಾಗುತ್ತಿತ್ತು. ರಿಸೆಪ್ಷನ್ ವೇದಿಕೆಗೆ ಐದು ಮೆಟ್ಟಿಲಿದೆಯಂತೆ. ಸೀಳು ಮೊಣಕಾಲಿನ ಮೇಲೆ ಬರುವ ಇನ್ನೊಂದನ್ನು ತರಿಸಿದ್ದೇವೆ, ಬುಧವಾರ ಬರುತ್ತದೆ.